ಐದು ಲೀಟರ್ ಸ್ಪಿರಿಟ್‌ನಲ್ಲಿ 150 ಮಿಲಿ ಕಮ್ಮಿ: ಎಲ್ಲಿ ಹೋಯ್ತು ಅಂತ ಹುಡುಕುವ ಬಗೆ

ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತಿದ್ದಾಗ ನಡೆದ ವಿಷಯ ಇದು. ಜುಲೈ ತಿಂಗಳು. ಮಳೆ ಹಿಡಿದರೆ ಮಲೆನಾಡಿನಲ್ಲಿ ಹುಳಹುಪ್ಪಟೆಗೆ ಬರವಿಲ್ಲ, ಹಾಗಾಗಿ ಪ್ರಾಣಿಶಾಸ್ತ್ರ ವಿಭಾಗದವರು ಕೀಟಗಳನ್ನು ಕೆಡದಂತೆ ಇಡಲು 70 ಪರ್ಸೆಂಟ್ ಆಲ್ಕೋಹಾಲ್ ಐದು ಲೀಟರ್ ಬೇಕು ಅಂದರು. ನಮ್ಮ ಲ್ಯಾಬಿನ ಅಟೆಂಡರ್ ಮೂರೂವರೆ ಲೀಟರ್ ಅಬ್ಸಲ್ಯೂಟ್ ಆಲ್ಕೋಹಾಲ್, ಅಂದರೆ ನೀರು ಬೆರೆಯದ ಎಥನಾಲ್, ಅಳೆದು, ಒಂದೂವರೆ ಲೀಟರ್ ಡಿಸ್ಟಿಲ್ಡ್ ವಾಟರ್ ಸೇರಿಸಿ, ಕ್ಯಾನಿಗೆ ಮುಚ್ಚಳ ಹಾಕಿಟ್ಟರು. ಸಂಜೆ ಅಳೆದಾಗ 4,870 ಮಿಲಿ ಇತ್ತು. ಮಾರನೇ ದಿನ ಮಧ್ಯಾಹ್ನ ಮತ್ತೆ ಅಳೆದಾಗ 4,850.

ಆಲ್ಕೋಹಾಲ್ ಅಂದರೆ ಪರ್ಮಿಟ್ ಮೇಲೆ ಬರುವ ಸಾಮಾನು. ಪ್ರತಿ ಮಿಲಿಗೂ ಸ್ಟಾಕ್ ರಿಜಿಸ್ಟರ್‌ನಲ್ಲಿ ಲೆಕ್ಕ ಇರಬೇಕು. 150 ಮಿಲಿ ಅಂದರೆ ಅಂಗಡಿಯ ಕ್ವಾರ್ಟರ್ ಬಾಟಲಿಗೆ ಸ್ವಲ್ಪ ಕಮ್ಮಿ. ಅದರಲ್ಲೂ 20 ಮಿಲಿ ರಾತ್ರಿ ಕಳೆಯುವುದರೊಳಗೆ ಇಳಿದಿದೆ. ಎಲ್ಲರ ಕಣ್ಣು ಅಟೆಂಡರ್ ಮೇಲೆ ಬಿತ್ತು. ಇಪ್ಪತ್ತು ವರ್ಷ ದುಡಿದ ಮನುಷ್ಯ. ನನ್ನ ಹತ್ತಿರ ಬಂದು, "ಸರ್, ಒಂದು ಹನಿ ಚೆಲ್ಲಿಲ್ಲ. ನೀವೇ ನೋಡಿ ಹೇಳಿ" ಅಂದರು. "ನೋಡೋಣ ಮಾರಾಯ್ರೆ, ಕ್ಯಾನ್ ಮುಟ್ಟಬೇಡಿ, ಹಾಗೇ ಇರಲಿ" ಅಂದೆ.

ಇಂಥ ಕೊರತೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ನಾವು ಆವತ್ತು ಹುಡುಕಿದ ದಾರಿಯನ್ನೇ ಬರೆಯುತ್ತೇನೆ.

ಮೊದಲು ತೂಕ ಮಾಡಿ, ಅಳತೆ ಆಮೇಲೆ

ಗಾತ್ರ ಬದಲಾಗಬಹುದು, ತೂಕ ಬದಲಾಗುವುದಿಲ್ಲ. ಸಾಮಾನು ನಿಜವಾಗಿ ಕಾಣೆಯಾಗಿದೆಯೋ ಇಲ್ಲವೋ ಅನ್ನುವುದನ್ನು ಇದೊಂದೇ ಪರೀಕ್ಷೆ ಹೇಳಿಬಿಡುತ್ತದೆ.

25 ಡಿಗ್ರಿಯಲ್ಲಿ ಶುದ್ಧ ಎಥನಾಲ್ ಒಂದು ಮಿಲಿಗೆ 0.785 ಗ್ರಾಂ, ನೀರು 0.997 ಗ್ರಾಂ. ಹಾಗಾದರೆ 3,500 ಮಿಲಿ ಆಲ್ಕೋಹಾಲ್ 2,748 ಗ್ರಾಂ, 1,500 ಮಿಲಿ ನೀರು 1,496 ಗ್ರಾಂ. ಒಟ್ಟು 4,244 ಗ್ರಾಂ ಇರಬೇಕು. ಖಾಲಿ ಕ್ಯಾನಿನ ತೂಕ ಕಳೆದು ನೋಡಿದರೆ ನಮಗೆ ಸಿಕ್ಕಿದ್ದು 4,238. ಆರು ಗ್ರಾಂ ಕಮ್ಮಿ. ಅಳೆಯುವಾಗ ಸಿಲಿಂಡರ್ ಗೋಡೆಗೆ ಅಂಟಿಕೊಂಡಿದ್ದು, ಸುರಿಯುವಾಗ ಆವಿಯಾಗಿದ್ದು, ಇಷ್ಟಕ್ಕೇ ಅಷ್ಟು ಆಗುತ್ತದೆ. 150 ಮಿಲಿ ಆಲ್ಕೋಹಾಲ್ ಯಾರಾದರೂ ತೆಗೆದಿದ್ದರೆ 118 ಗ್ರಾಂ ಇಳಿಯಬೇಕಿತ್ತು. ಬೆರೆಸಿದ ಮೇಲೆ ಅಷ್ಟೇ ತೆಗೆದಿದ್ದರೆ ಇನ್ನೂ ಜಾಸ್ತಿ, ಸುಮಾರು 131 ಗ್ರಾಂ.

ಇಲ್ಲಿಗೇ ಮುಗೀತು ಅನ್ನಬೇಡಿ. ಮೊದಲೇ ಆಲ್ಕೋಹಾಲ್ ತೆಗೆದು ಅದರ ಜಾಗಕ್ಕೆ ನೀರು ತುಂಬಿದ್ದರೆ? ಆಗ ತೂಕ ಇಳಿಯುವ ಬದಲು ಏರುತ್ತದೆ. 150 ಮಿಲಿ ಅದಲುಬದಲಾಗಿದ್ದರೆ ಒಟ್ಟು 4,275 ಗ್ರಾಂ ತೂಗಬೇಕು. ಇದನ್ನು ಹಿಡಿಯಲು ಇನ್ನೂ ಖಚಿತವಾದ ಉಪಾಯ ಸಾಂದ್ರತೆ. 25 ಮಿಲಿಯ ಆರ್‌ಡಿ ಬಾಟಲಿ, ಅಂದರೆ ಸಾಂದ್ರತೆ ಅಳೆಯುವ ಬಾಟಲಿ, ತುಂಬಿ, ಹೊರಗಡೆ ಚೆನ್ನಾಗಿ ಒರೆಸಿ ತೂಗಿದೆವು. ದ್ರವದ ತೂಕ 21.90 ಗ್ರಾಂ. ಅಂದರೆ ಮಿಲಿಗೆ 0.876. ತೂಕದಲ್ಲಿ 65 ಪರ್ಸೆಂಟ್‌ಗೆ ಸ್ವಲ್ಪ ಕಮ್ಮಿ ಎಥನಾಲ್ ಇರುವ ಮಿಶ್ರಣಕ್ಕೆ ಸಾಂದ್ರತೆಯ ಪಟ್ಟಿಯಲ್ಲಿ ಇರುವುದೂ ಅದೇ. ಕಳ್ಳತನ ಮಾಡಿ ನೀರು ಬೆರೆಸಿದ್ದರೆ ಅದೇ ಬಾಟಲಿ 22.09 ಗ್ರಾಂ ತೂಗುತ್ತಿತ್ತು. 0.19 ಗ್ರಾಂ ವ್ಯತ್ಯಾಸ ಲ್ಯಾಬಿನ ಸಾಧಾರಣ ಬ್ಯಾಲೆನ್ಸ್‌ನಲ್ಲೂ ಸ್ಪಷ್ಟವಾಗಿ ಕಾಣುತ್ತದೆ.

ಸಾಮಾನು ಪೂರ್ತಿ ಇದೆ, ಅದರ ಗುಣವೂ ಸರಿ ಇದೆ. ಜಾಗ ಮಾತ್ರ ಕಮ್ಮಿ ಹಿಡಿದಿದೆ.

ಆ ರಾತ್ರಿ ಇಳಿದ 20 ಮಿಲಿ

ಇದಕ್ಕೆ ಉತ್ತರ ಬೇಗ ಸಿಗುತ್ತದೆ. ಆಲ್ಕೋಹಾಲ್‌ಗೆ ನೀರು ಸುರಿದಾಗ ಪಾತ್ರೆ ಮುಟ್ಟಿ ನೋಡಿ, ಬೆಚ್ಚಗಾಗಿರುತ್ತದೆ. ಒಳಗೆ ಸಣ್ಣ ಸಣ್ಣ ಗುಳ್ಳೆ ಎದ್ದು ಸ್ವಲ್ಪ ಹೊತ್ತು ಮಬ್ಬಾಗಿ ಕಾಣುತ್ತದೆ, ಕರಗಿದ್ದ ಗಾಳಿ ಹೊರಬರುವುದು ಅದು. ಎರಡೂ ಬೆರೆಯುವಾಗ ಶಾಖ ಹೊರಬರುತ್ತದೆ. 70ಕ್ಕೆ 30ರ ಈ ಅಳತೆಯಲ್ಲಿ ಉಷ್ಣತೆ ಸುಮಾರು ನಾಲ್ಕು ಡಿಗ್ರಿ ಏರುತ್ತದೆ. ಈ ಮಿಶ್ರಣ ಒಂದು ಡಿಗ್ರಿಗೆ ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ. ಐದು ಲೀಟರಿಗೆ ಡಿಗ್ರಿಗೆ ಐದು ಮಿಲಿ ಅಂದರೆ ನಾಲ್ಕು ಡಿಗ್ರಿಗೆ 20 ಮಿಲಿ. ಸಂಜೆ ಅಳೆದಾಗ ಅದಿನ್ನೂ ಬೆಚ್ಚಗಿತ್ತು. ರಾತ್ರಿ ತಣಿಯಿತು, ಕುಗ್ಗಿತು. ಮುಚ್ಚಳ ಯಾರೂ ತೆಗೆದಿರಲಿಲ್ಲ.

ಇದೇ ಕಾರಣಕ್ಕೆ ನಮ್ಮ ಕಡೆ ಇನ್ನೊಂದು ಕೊರತೆಯೂ ಕಾಣುತ್ತದೆ. ಏಪ್ರಿಲ್‌ನ ಬಿಸಿಲಲ್ಲಿ, 33 ಡಿಗ್ರಿಯಲ್ಲಿ ಐದು ಲೀಟರ್ ಅಂತ ಅಳೆದುಕೊಂಡ ಶುದ್ಧ ಆಲ್ಕೋಹಾಲ್ ಆಷಾಢದ ಮಳೆಯಲ್ಲಿ 24 ಡಿಗ್ರಿಗೆ ಬಂದಾಗ ಸುಮಾರು 50 ಮಿಲಿ ಕಮ್ಮಿ ತೋರಿಸುತ್ತದೆ. ಆದ್ದರಿಂದ ಗಾತ್ರ ಬರೆಯುವಾಗ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯಲೇಬೇಕು.

ತಣಿದ ಮೇಲಿನ ಒಟ್ಟು 150 ಮಿಲಿ: ಒಂದು ಲೀಟರಿನ ಫ್ಲಾಸ್ಕ್‌ನಲ್ಲಿ ಕಣ್ಣಾರೆ

ಇಲ್ಲಿ ಸಿಲಿಂಡರ್ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಲೀಟರಿನ ಸಿಲಿಂಡರ್‌ನಲ್ಲಿ ಒಂದು ಸಲಕ್ಕೆ ಐದು ಮಿಲಿ ಆಚೀಚೆ ಆಗಬಹುದು. ಐದು ಸಲ ಅಳೆದರೂ 25 ಮಿಲಿ ದಾಟುವುದಿಲ್ಲ.

ಎಲ್ಲರನ್ನೂ ಕೂರಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಒಂದು ಲೀಟರಿನ ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ 700 ಮಿಲಿ ಆಲ್ಕೋಹಾಲ್, 300 ಮಿಲಿ ನೀರು. ಬಿರಡೆ ಹಾಕಿ ಅಲ್ಲಾಡಿಸಿ, ತಣ್ಣೀರಿನ ತೊಟ್ಟಿಯಲ್ಲಿ ಇಟ್ಟು, ಮತ್ತೆ 25 ಡಿಗ್ರಿಗೆ ತಂದೆ. ದ್ರವ ಕತ್ತಿನ ಗೆರೆಯಿಂದ ಎಷ್ಟೋ ಕೆಳಗೆ ನಿಂತಿತು. ಲೆಕ್ಕದ ಪ್ರಕಾರ 969 ಮಿಲಿ, ಗೆರೆಗೆ 31 ಮಿಲಿ ಕಮ್ಮಿ. ಯಾರೂ ಮುಟ್ಟಿಲ್ಲ, ಎಲ್ಲರ ಎದುರಿಗೇ ಇತ್ತು. ಅಟೆಂಡರ್ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡುತ್ತಾ ನಿಂತರು.

ಈಗ ಬ್ಯುರೆಟ್ಟಿನಿಂದ ನೀರು ಬಿಡುತ್ತಾ ಗೆರೆ ಮುಟ್ಟಿಸಿದೆ. ಬ್ಯುರೆಟ್ ತೋರಿಸಿದ್ದು 33 ಮಿಲಿ. ಗಮನಿಸಿ, ತುಂಬಬೇಕಿದ್ದ ಜಾಗ 31, ಹಾಕಿದ ನೀರು 33. ನಾವು ಹಾಕುತ್ತಿದ್ದ ನೀರಿನಲ್ಲೂ ಎರಡು ಮಿಲಿ ಹೋಯಿತು!

ಪಾರ್ಷಿಯಲ್ ಮೋಲಾರ್ ವಾಲ್ಯೂಮ್ ಅನ್ನುವುದು ಹುಟ್ಟುವುದೇ ಈ ಎರಡು ಸಂಖ್ಯೆಗಳ ನಡುವೆ. ಕನ್ನಡದಲ್ಲಿ ಆಂಶಿಕ ಮೋಲಾರ್ ಗಾತ್ರ ಅನ್ನೋಣ. ಪ್ರಶ್ನೆ ಇಷ್ಟೇ: ಈಗಿರುವ ಮಿಶ್ರಣಕ್ಕೆ ಇನ್ನೊಂದು ಮೋಲ್ ನೀರು ಹಾಕಿದರೆ ಮಟ್ಟ ಎಷ್ಟು ಏರುತ್ತದೆ? ಒಂದು ಮೋಲ್ ನೀರು ಅಂದರೆ 18 ಗ್ರಾಂ, ಬೇರೆಯಾಗಿ ಅಳೆದರೆ 18.07 ಮಿಲಿ. ನಮ್ಮ ಫ್ಲಾಸ್ಕ್‌ನಲ್ಲಿ 33 ಹಾಕಿದರೆ 31 ಏರಿತು. ಅದೇ ಲೆಕ್ಕದಲ್ಲಿ 18.07 ಹಾಕಿದರೆ ಸುಮಾರು 17 ಏರುತ್ತದೆ. ಈ ಮಿಶ್ರಣದಲ್ಲಿ ನೀರಿನ ಆಂಶಿಕ ಮೋಲಾರ್ ಗಾತ್ರ 17.0. ಅದೇ ರೀತಿ ಆಲ್ಕೋಹಾಲ್‌ನದು 57.6. ಶುದ್ಧವಾಗಿದ್ದಾಗ ಅದು 58.7.

ಇವೆರಡು ಗೊತ್ತಿದ್ದರೆ ಒಟ್ಟು ಗಾತ್ರ ತಾನಾಗೇ ಬರುತ್ತದೆ. n ಅಂದರೆ ಮೋಲ್‌ಗಳ ಸಂಖ್ಯೆ, V ಅಂದರೆ ಆಂಶಿಕ ಮೋಲಾರ್ ಗಾತ್ರ:

```
V(total) = n1·V1 + n2·V2
         = 59.65 × 57.6 + 83.04 × 17.0
         ≈ 3436 + 1412
         ≈ 4848 mL
```

ನಮ್ಮ ಕ್ಯಾನಿನಲ್ಲಿದ್ದ 2,748 ಗ್ರಾಂ ಎಥನಾಲ್ 59.65 ಮೋಲ್, 1,496 ಗ್ರಾಂ ನೀರು 83.04 ಮೋಲ್. ಉತ್ತರ 4,848. ನಾವು ಅಳೆದಿದ್ದು 4,850. ಕಳ್ಳ ಸಿಕ್ಕಿಬಿದ್ದ.

ಶುದ್ಧ ದ್ರವಗಳ 58.7 ಮತ್ತು 18.07 ಹಾಕಿ ಕೂಡಿದರೆ ಐದು ಲೀಟರ್ ಬರುತ್ತದೆ. ರಿಜಿಸ್ಟರ್ ಬರೆದವರು ಮಾಡಿದ ತಪ್ಪು ಅದೇ. ಆಲ್ಕೋಹಾಲ್ ನೀರಿನ ಜೊತೆ ಸೇರಿದ ಮೇಲೂ ಒಂಟಿಯಾಗಿದ್ದಾಗ ಹಿಡಿಯುತ್ತಿದ್ದಷ್ಟೇ ಜಾಗ ಹಿಡಿಯುತ್ತದೆ ಅಂದುಕೊಂಡಿದ್ದರು.

ಅಡಿಕೆ, ಹುರುಳಿಯ ಉದಾಹರಣೆ ಎಲ್ಲಿವರೆಗೆ ಸರಿ

ಒಂದು ಸೇರು ಅಡಿಕೆ, ಒಂದು ಸೇರು ಹುರುಳಿ ಬೆರೆಸಿದರೆ ಎರಡು ಸೇರು ಆಗುವುದಿಲ್ಲ, ಅಲ್ವಾ? ಹುರುಳಿ ಅಡಿಕೆಯ ಸಂದಿಯಲ್ಲಿ ಕೂರುತ್ತದೆ. ಆಲ್ಕೋಹಾಲ್ ಮತ್ತು ನೀರಿಗೂ ಇದನ್ನೇ ಹೇಳಿ ಮುಗಿಸುವುದು ಎಲ್ಲ ಕಡೆ ರೂಢಿ. ಮೊದಲ ಹೆಜ್ಜೆಗೆ ಸಾಕು, ಆದರೆ ಮುಂದಕ್ಕೆ ದಾರಿ ತಪ್ಪಿಸುತ್ತದೆ.

ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದು, ನಡುವೆ ಸಾಕಷ್ಟು ಬಿಡುವು ಇರುವ ಬಲೆ ಕಟ್ಟಿಕೊಂಡಿರುತ್ತವೆ. ಎಥನಾಲ್ ಬಂದಾಗ ಅದರ ಒಂದು ತುದಿ ಈ ಬಲೆಗೆ ಕೈ ಕೊಡುತ್ತದೆ, ಇನ್ನೊಂದು ತುದಿ ಬಿಡುವಿನ ಜಾಗಕ್ಕೆ ಸೇರಿಕೊಳ್ಳುತ್ತದೆ. ಬಲೆಯೇ ಬೇರೆ ಥರ ಜೋಡಣೆಯಾಗುತ್ತದೆ. ಹುರುಳಿ ಬಂದರೂ ಅಡಿಕೆ ಇದ್ದ ಹಾಗೇ ಇರುತ್ತದೆ, ಇಲ್ಲಿ ಎರಡೂ ಬದಲಾಗುತ್ತವೆ.

ಅದಕ್ಕೇ ಈ 17.0 ಎಲ್ಲ ಕಡೆ ನಡೆಯುವ ಸಂಖ್ಯೆಯಲ್ಲ. ದೊಡ್ಡ ಹಂಡೆ ನೀರಿಗೆ ಒಂದು ಮೋಲ್ ನೀರು ಹಾಕಿದರೆ 18.07 ಏರುತ್ತದೆ. ಅಷ್ಟೇ ದೊಡ್ಡ ಹಂಡೆ ಶುದ್ಧ ಆಲ್ಕೋಹಾಲ್‌ಗೆ ಹಾಕಿದರೆ ಸುಮಾರು 14 ಮಾತ್ರ. ನೀರು ಅದೇ, ಅಣು ಅದೇ, ನೆರೆಹೊರೆ ಬೇರೆ. ಆಲ್ಕೋಹಾಲ್ ಕಡೆಯಿಂದ ನೋಡಿದರೆ ಇನ್ನೂ ಸೋಜಿಗ. ಹಂಡೆ ನೀರಿಗೆ ಮೊದಲ ಮೋಲ್ ಆಲ್ಕೋಹಾಲ್ ಹಾಕಿದಾಗ ಮಟ್ಟ 55 ಮಿಲಿ ಏರುತ್ತದೆ. ಹಾಕುತ್ತಾ ಹೋದ ಹಾಗೆ ಈ ಏರಿಕೆ ಮೊದಲು ಇನ್ನೂ ಕಮ್ಮಿಯಾಗುತ್ತದೆ, ನೂರು ಅಣುಗಳಲ್ಲಿ ಎಂಟರಷ್ಟು ಆಲ್ಕೋಹಾಲ್ ಆದಾಗ ತಳ ಮುಟ್ಟುತ್ತದೆ, ಆಮೇಲೆ 58.7ರ ಕಡೆಗೆ ಏರುತ್ತದೆ. ಆಲ್ಕೋಹಾಲ್‌ನ ಸಂಖ್ಯೆ ತಳ ಮುಟ್ಟುವ ಜಾಗದಲ್ಲೇ ನೀರಿನ ಸಂಖ್ಯೆ ತುದಿ ಮುಟ್ಟುತ್ತದೆ. ಒಂದು ಇಳಿದರೆ ಇನ್ನೊಂದು ಏರಲೇಬೇಕು ಅನ್ನುವ ಕಟ್ಟುಪಾಡಿಗೆ ಗಿಬ್ಸ್–ಡ್ಯೂಹೆಮ್ ಸಮೀಕರಣ ಅನ್ನುತ್ತಾರೆ. ಅಡಿಕೆ, ಹುರುಳಿ ಇಟ್ಟುಕೊಂಡು ಇದನ್ನು ವಿವರಿಸಲು ಆಗುವುದಿಲ್ಲ.

ಆಂಶಿಕ ಗಾತ್ರ ಅಂದರೆ ಅಣುವಿನ ಗಾತ್ರ ಅಲ್ಲ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಮೆಗ್ನೀಷಿಯಂ ಸಲ್ಫೇಟ್. ಬಹಳ ತೆಳು ದ್ರಾವಣದಲ್ಲಿ ಅದರ ಆಂಶಿಕ ಮೋಲಾರ್ ಗಾತ್ರ ಸೊನ್ನೆಗಿಂತ ಕೆಳಗಿದೆ, ಸುಮಾರು ಮೈನಸ್ 1.4. ಹಂಡೆ ನೀರಿಗೆ ಈ ಲವಣ ಹಾಕಿದರೆ ಮಟ್ಟ ಇಳಿಯುತ್ತದೆ! ಅದರ ಅಯಾನುಗಳು ಸುತ್ತಲಿನ ನೀರನ್ನು ಅಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತವೆ. ಮೈನಸ್ ಗಾತ್ರದ ಅಣು ಎಲ್ಲಿಯೂ ಇಲ್ಲ. ಇದು ಇಡೀ ದ್ರಾವಣದಲ್ಲಿ ಆಗುವ ಬದಲಾವಣೆಯ ಅಳತೆ.

ಈ ಕುಗ್ಗುವಿಕೆಯನ್ನು ಹಿಂದಿನವರು ಸುಮ್ನೆ ಬಿಟ್ಟಿರಲಿಲ್ಲ. ಧಾತುಗಳ ಕೋಷ್ಟಕ ಕೊಟ್ಟ ಮೆಂಡಲೀವ್ 1865ರಲ್ಲಿ ಡಾಕ್ಟರೇಟ್‌ಗಾಗಿ ಬರೆದ ಪ್ರಬಂಧವೇ ಆಲ್ಕೋಹಾಲ್ ಮತ್ತು ನೀರು ಸೇರುವುದರ ಮೇಲೆ.

ಕೆಮಿಕಲ್ ಪೊಟೆನ್ಷಿಯಲ್ ಎಲ್ಲಿ ಬರುತ್ತದೆ

ನಮ್ಮ ಪ್ರಿನ್ಸಿಪಾಲರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಜಾಗ ಕಮ್ಮಿ ಆಗುತ್ತೆ ಅಂತಲೇ ಇವೆರಡು ಬೆರೆಯೋದಾ?" ಅಲ್ಲ. ಬೆರೆಯುವಾಗ ಹಿಗ್ಗುವ ದ್ರವಗಳೂ ಇವೆ, ಅವೂ ತಾವಾಗಿಯೇ ಬೆರೆಯುತ್ತವೆ. ಬೆರೆಯುವುದನ್ನು ನಿರ್ಧರಿಸುವುದು ಇನ್ನೊಂದು ಆಂಶಿಕ ಮೋಲಾರ್ ಪರಿಮಾಣ.

ಮೇಲೆ ಕೇಳಿದ ಪ್ರಶ್ನೆಯನ್ನೇ ಗಾತ್ರದ ಬದಲು ಗಿಬ್ಸ್ ಶಕ್ತಿಗೆ, ಅಂದರೆ ತಾನಾಗೇ ಆಗುವ ಬದಲಾವಣೆಯಲ್ಲಿ ಇಳಿಯುತ್ತಾ ಹೋಗುವ ಶಕ್ತಿಗೆ, ಕೇಳಿ. ಇನ್ನೊಂದು ಮೋಲ್ ಆಲ್ಕೋಹಾಲ್ ಹಾಕಿದರೆ ಮಿಶ್ರಣದ ಗಿಬ್ಸ್ ಶಕ್ತಿ ಎಷ್ಟು ಏರುತ್ತದೆ? ಆ ಉತ್ತರವೇ ಆಲ್ಕೋಹಾಲ್‌ನ ಕೆಮಿಕಲ್ ಪೊಟೆನ್ಷಿಯಲ್, ಕನ್ನಡ ಪುಸ್ತಕದ ರಾಸಾಯನಿಕ ವಿಭವ. ಗುರುತು μ. ಇದನ್ನು 1870ರ ದಶಕದಲ್ಲಿ ಕಟ್ಟಿಕೊಟ್ಟವರು ಅಮೆರಿಕದ ಗಿಬ್ಸ್. ಅಡಿಕೆ ತೋಟದ ಬಸಿಗಾಲುವೆಯಲ್ಲಿ ನೀರು ಎತ್ತರದಿಂದ ತಗ್ಗಿಗೆ ಹರಿಯುವ ಹಾಗೆ, ಪ್ರತಿ ವಸ್ತುವೂ ತನ್ನ μ ಎತ್ತರ ಇರುವ ಕಡೆಯಿಂದ ತಗ್ಗಿರುವ ಕಡೆಗೆ ಹೋಗುತ್ತದೆ. ಶುದ್ಧ ಆಲ್ಕೋಹಾಲ್‌ನಲ್ಲಿ ಇರುವುದಕ್ಕಿಂತ ಮಿಶ್ರಣದಲ್ಲಿ ಆಲ್ಕೋಹಾಲ್‌ನ μ ಕೆಳಗಿರುತ್ತದೆ, ನೀರಿನದೂ ಹಾಗೇ. ಅದಕ್ಕೇ ಎರಡೂ ಒಂದರೊಳಗೊಂದು ಇಳಿಯುತ್ತವೆ.

ಗಾತ್ರಕ್ಕೂ ಇದಕ್ಕೂ ನೇರ ಕೊಂಡಿ ಇದೆ. ಒತ್ತಡ ಏರಿಸಿದರೆ μ ಎಷ್ಟು ಬೇಗ ಏರುತ್ತದೆ ಅನ್ನುವುದೇ ಆಂಶಿಕ ಮೋಲಾರ್ ಗಾತ್ರ:

```
(∂μ/∂P) = V   (T, n ಬದಲಾಗದಂತೆ)
```

ನಮ್ಮ ಮಿಶ್ರಣದ ಮೇಲೆ ಒಂದು ಅಟ್ಮಾಸ್ಫಿಯರ್ ಒತ್ತಡ ಹೆಚ್ಚಿಸಿದರೆ ನೀರಿನ μ ಮೋಲ್‌ಗೆ 1.72 ಜೌಲ್ ಏರುತ್ತದೆ. ಶುದ್ಧ ನೀರಿನಲ್ಲಾದರೆ 1.83 ಏರುತ್ತದೆ. ಒತ್ತಿದಷ್ಟೂ ಮಿಶ್ರಣದಲ್ಲಿರುವುದೇ ನೀರಿಗೆ ಇನ್ನೂ ಸ್ವಲ್ಪ ಅನುಕೂಲ. ಅಂದರೆ ಆ ಫ್ಲಾಸ್ಕಿನ ಕತ್ತಿನಲ್ಲಿ ನಾವು ಕಂಡ ಎರಡು ಮಿಲಿ ವ್ಯತ್ಯಾಸ μ ಒತ್ತಡಕ್ಕೆ ಹೇಗೆ ಬಗ್ಗುತ್ತದೆ ಅನ್ನುವುದರ ಗುರುತು.

ಮಳೆಗಾಲದಲ್ಲಿ ಮಾತ್ರ ಬರುವ ಇನ್ನೊಂದು ದೋಷ

ಮೇಲಿನ ಲೆಕ್ಕ ಎಲ್ಲ ಮಾಡಿಯೂ ಕೊರತೆ 150ರ ಬದಲು 135, 140 ಅಂತ ಬಂದರೆ, ಸಾಂದ್ರತೆಯೂ ಸ್ವಲ್ಪ ಜಾಸ್ತಿ ತೋರಿಸಿದರೆ, ಬಾಟಲಿಯಲ್ಲಿದ್ದ ಆಲ್ಕೋಹಾಲೇ ಅಬ್ಸಲ್ಯೂಟ್ ಆಗಿ ಉಳಿದಿಲ್ಲ. ಅದು ಮೊದಲೇ ನೀರು ಕುಡಿದಿದೆ, ಕುಗ್ಗುವುದರಲ್ಲಿ ಒಂದು ಪಾಲು ಬಾಟಲಿಯೊಳಗೇ ಆಗಿಹೋಗಿದೆ.

ನಮ್ಮಲ್ಲಿ ಆಷಾಢದಲ್ಲಿ ಗಾಳಿಯ ತೇವ 90 ಪರ್ಸೆಂಟ್ ಇರುವುದು ಸಾಮಾನ್ಯ. ಆ ಗಾಳಿಯಲ್ಲಿರುವ ನೀರಿನ μ ಶುದ್ಧ ನೀರಿಗಿಂತ ಮೋಲ್‌ಗೆ ಸುಮಾರು 260 ಜೌಲ್ ಮಾತ್ರ ಕೆಳಗಿರುತ್ತದೆ. ಅಬ್ಸಲ್ಯೂಟ್ ಆಲ್ಕೋಹಾಲ್‌ನೊಳಗೆ ನೀರಿನ μ ಅದಕ್ಕಿಂತ ಎಷ್ಟೋ ಪಟ್ಟು ತಗ್ಗಿನಲ್ಲಿ ಇರುತ್ತದೆ. ಬಿರಡೆ ಸಡಿಲ ಇದ್ದರೆ ಸಾಕು, ನೀರು ಗಾಳಿಯಿಂದ ಬಾಟಲಿಗೆ ಇಳಿಯುತ್ತದೆ. ಆಲ್ಕೋಹಾಲ್ ಕಥೆ ಇದರ ಉಲ್ಟಾ. ಗಾಳಿಯಲ್ಲಿ ಅದರ μ ತಗ್ಗು, ಹಾಗಾಗಿ ಅದು ಹೊರಗೆ ಹೋಗುತ್ತದೆ. ಒಂದೇ ಬಾಯಿಂದ ಒಂದು ಒಳಗೆ, ಒಂದು ಹೊರಗೆ.

ಪತ್ತೆ ಹಚ್ಚುವುದು ಸುಲಭ. ಬೆರೆಸುವ ಮೊದಲೇ ಬಾಟಲಿಯ ಆಲ್ಕೋಹಾಲನ್ನು ಆರ್‌ಡಿ ಬಾಟಲಿಯಲ್ಲಿ ತೂಗಿ. 25 ಡಿಗ್ರಿಯಲ್ಲಿ 25 ಮಿಲಿಗೆ 19.63 ಗ್ರಾಂ ಬಂದರೆ ಅಬ್ಸಲ್ಯೂಟ್. 20.2ರ ಹತ್ತಿರ ಬಂದರೆ ನಿಮ್ಮ ಕೈಯಲ್ಲಿ ಇರುವುದು 95 ಪರ್ಸೆಂಟ್, ರೆಕ್ಟಿಫೈಡ್ ಸ್ಪಿರಿಟ್ ಮಟ್ಟದ್ದು. ಎರಡು ಬಾಟಲಿಗಳ ಲೇಬಲ್ ಅದಲುಬದಲಾಗಿದ್ದರೂ ಇಲ್ಲೇ ಗೊತ್ತಾಗುತ್ತದೆ.

ಸರಿ ಮಾಡಿದ ಬಗೆ

ಪ್ರಾಣಿಶಾಸ್ತ್ರದವರು ಕೇಳಿದ್ದು 70 ಪರ್ಸೆಂಟ್. ಕ್ಯಾನಿನಲ್ಲಿ ಇದ್ದದ್ದು 4,850ರಲ್ಲಿ 3,500, ಅಂದರೆ 72. ಏಳುನೂರಕ್ಕೆ ಮುನ್ನೂರು ಸೇರಿಸಿದರೆ 70 ಪರ್ಸೆಂಟ್ ಆಗುತ್ತದೆ ಅನ್ನುವ ಅಭ್ಯಾಸವೇ ತಪ್ಪು. 700 ಮಿಲಿ ಆಲ್ಕೋಹಾಲ್ ತೆಗೆದುಕೊಂಡು, ನೀರು ಹಾಕಿ ತಣಿಸಿ, ಒಂದು ಲೀಟರಿನ ಗೆರೆಗೆ ಮುಟ್ಟಿಸಬೇಕು. ನೀರು 300 ಅಲ್ಲ, 333 ಮಿಲಿ ಹಿಡಿಯುತ್ತದೆ. ನಮ್ಮ ಕ್ಯಾನಿಗೆ ಇನ್ನೂ ಸುಮಾರು 165 ಮಿಲಿ ಬೇಕಾಯಿತು, ಅಟೆಂಡರೇ ಅಳೆದು ಹಾಕಿದರು.

ರಿಜಿಸ್ಟರ್‌ನಲ್ಲಿ ಹಳೆಯ "ಕೊರತೆ 150 ಮಿಲಿ" ಅನ್ನುವ ಸಾಲನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಪ್ರಿನ್ಸಿಪಾಲರ ಸಹಿ ಹಾಕಿಸಿದೆವು. ಕೆಳಗೆ ಹೊಸ ಸಾಲು: "ಎಥನಾಲ್ 2,748 ಗ್ರಾಂ, ನೀರು 1,496 ಗ್ರಾಂ, ಮಿಶ್ರಣ 4,238 ಗ್ರಾಂ, 25 ಡಿಗ್ರಿಯಲ್ಲಿ 4,850 ಮಿಲಿ. ನಷ್ಟ 6 ಗ್ರಾಂ." ಅಂದಿನಿಂದ ಆ ಲ್ಯಾಬಿನಲ್ಲಿ ಸ್ಪಿರಿಟ್‌ನ ಲೆಕ್ಕ ಗ್ರಾಂನಲ್ಲಿ ನಡೆಯುತ್ತಿದೆ.